ಕಾಫಿ ತೋಟದವರು ಅಂತ ಹೇಳದೆ, ಕಾಫಿ ತೋಟದವರು ಅಂತ ಹೇಳಿ

ಕಲ್ಲುಕಟ್ಟೆ
ಈ ಆಟ ಎಲ್ಲರೂ ಆಡ್ತಾರೆ, ಆದರೆ ಮುಕ್ಕಾಲು ಪಾಲು ಉತ್ತರಗಳು ನೇರವಾಗೇ ಹೇಳಿಬಿಡುತ್ವೆ. "ನಮ್ಮನೆ ಅಂಗಳದಲ್ಲಿ ಹಣ್ಣು ಒಣಗ್ತಿದೆ" ಅಂದರೆ ಅದರಲ್ಲಿ ಮುಚ್ಚಿಟ್ಟಿದ್ದು ಏನು? ಇಲ್ಲಿ ಸ್ವಲ್ಪ ಬಿಗಿ ಮಾಡೋಣ. ಕಾಫಿ, ಎಸ್ಟೇಟ್, ಪ್ಲಾಂಟರ್ ಈ ಮೂರು ಮಾತು ಬರಕೂಡದು. ಹೊರಗಿನವರು ಓದಿದರೆ ಏನೋ ಮಾಮೂಲಿ ಮಾತು ಅನ್ನಿಸಬೇಕು, ತೋಟದವರು ಓದಿದರೆ ತಕ್ಷಣ ಸಿಕ್ಕಿಬೀಳಬೇಕು. ಹೇಗೆ ಸಿಕ್ಕಿಬಿತ್ತು ಅನ್ನೋದನ್ನ ಕೆಳಗಿನವರು ಬಿಡಿಸಿ.

ಮೊದಲನೇದು ನನ್ನದು. ಬೆಳಗ್ಗೆ ಏಳೂವರೆಗೆ ಫೋನ್:
"ನಿಮ್ಮಲ್ಲಿ ಎಷ್ಟು?"
"ಎಪ್ಪತ್ತು. ಕೆಳಗಡೆ ನಲವತ್ತೇ."

ಬಯಲುಸೀಮೆ ಬಸವ
ಸಾಲದ ವಿಷಯ ಇರಬೇಕು 😄

ಎರಡನೇ ಮಹಡಿ
ನಲವತ್ತು ಸೆಂಟು ಜಾಗ ಅಂತಾನಾ? ಸೈಟ್ ಬ್ರೋಕರ್?

ಮಳೆಲೆಕ್ಕ
ಎರಡನೇ ಮಹಡಿಯವರು ಅರ್ಧ ಹತ್ತಿರ ಬಂದಿದ್ದಾರೆ. ಸೆಂಟೇ, ಆದರೆ ನೆಲದ ಸೆಂಟಲ್ಲ, ಮಳೆಯ ಸೆಂಟು. ಒಂದು ಇಂಚನ್ನ ನೂರು ಭಾಗ ಮಾಡಿದರೆ ಒಂದೊಂದೂ ಒಂದು ಸೆಂಟು. ಎಪ್ಪತ್ತು ಅಂದರೆ ಮುಕ್ಕಾಲು ಇಂಚಿಗೆ ಸ್ವಲ್ಪ ಕಮ್ಮಿ, ಮಿಲಿಮೀಟರಲ್ಲಿ ಸುಮಾರು 18. ರೇಡಿಯೋ, ಟಿವಿ ಎಲ್ಲ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲ ಆಯ್ತು. ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ತೋಟಗಳಲ್ಲಿ ಮಾತ್ರ ಲೆಕ್ಕದ ಪುಸ್ತಕ ಇನ್ನೂ ಇಂಚು ಸೆಂಟಿನಲ್ಲೇ ಇದೆ.

ಆದರೆ ಈ ಉತ್ತರ ಗೆಲ್ಲೋದು ಸೆಂಟಿನಿಂದ ಅಲ್ಲ. ಮಾತಲ್ಲಿ ಮಳೆ ಅನ್ನೋ ಶಬ್ದವೇ ಇಲ್ಲ ನೋಡಿ. ಕೇಳಿದವರಿಗೂ ಹೇಳಿದವರಿಗೂ ಆ ಹೊತ್ತಲ್ಲಿ ಫೋನ್ ಮಾಡಿದರೆ ಬೇರೆ ವಿಷಯ ಇರೋಕೆ ಸಾಧ್ಯವೇ ಇಲ್ಲ ಅಂತ ಗೊತ್ತು. ಜೊತೆಗೆ "ಕೆಳಗಡೆ ನಲವತ್ತೇ" ಅಂದಾಗ ಒಂದೇ ತೋಟದಲ್ಲಿ ಎರಡು ಕಡೆ ಮಳೆ ಅಳೀತಾರೆ ಅಂತ ಆಯ್ತು. ಗುಡ್ಡದ ಈ ಮಗ್ಗುಲಲ್ಲಿ ಸುರಿದು ಆ ಮಗ್ಗುಲಲ್ಲಿ ಹನಿ ಉದುರಿಸಿ ಹೋಗೋ ಮಾರ್ಚ್ ಏಪ್ರಿಲ್ ಮಳೆಯ ಮೇಲೆ ವರ್ಷದ ಫಸಲು ನಿಂತಿರೋರು ಮಾತ್ರ ಅಷ್ಟು ತಲೆ ಕೆಡಿಸಿಕೊಳ್ತಾರೆ. "ನಲವತ್ತೇ" ಅನ್ನೋ ಆ "ಏ" ದೀರ್ಘದಲ್ಲಿ ಹೊಟ್ಟೆಉರಿ ಕೂಡ ಇದೆ.

ಬಯಲುಸೀಮೆ ಬಸವ
ಅಷ್ಟೇನಾ. ನಮ್ಮ ಕಡೆ ಸೆಂಟೂ ಇಲ್ಲ ಇಂಚೂ ಇಲ್ಲ. "ಭರಣಿ ಹದ ಆಯ್ತಾ?" "ಇಲ್ಲ, ಮೇಲ್ಮಣ್ಣು ತೋಯ್ದಿದೆ ಅಷ್ಟೆ." ಇದು ಯಾರು ಹೇಳಿ ನೋಡೋಣ.

ಮಳೆಲೆಕ್ಕ
ಒಣಭೂಮಿ ಬೇಸಾಯ. ನೇಗಿಲು ಹೂಡೋಕೆ ಆಗುತ್ತಾ ಇಲ್ಲವಾ ಅನ್ನೋದೇ ನಿಮ್ಮ ಅಳತೆ, ಮಣ್ಣು ಎಷ್ಟು ಆಳ ನೆಂದಿದೆ ಅನ್ನೋದೇ ಲೆಕ್ಕ. ಭರಣಿಗೆ ಹದ ಕೇಳ್ತಿದ್ದಾರೆ ಅಂದರೆ ಎಳ್ಳೋ ಅಲಸಂದೆಯೋ ಮನಸ್ಸಲ್ಲಿದೆ. ತೋಟದವರು ಉಳೋದಿಲ್ಲ, ಅವರಿಗೆ ಹದ ಬೇಡ. ಗಿಡದ ಮೊಗ್ಗಿಗೆ ಸಾಕಾಗುವಷ್ಟು ಬಿತ್ತಾ ಅನ್ನೋದಷ್ಟೇ ಬೇಕು, ಅದಕ್ಕೆ ಅಂಕಿ ಬೇಕೇ ಬೇಕು.

ಬಯಲುಸೀಮೆ ಬಸವ
ಎಳ್ಳೇ. ಸರಿ, ಸೋತೆ.

ಘಮಘಮ_ಫಿಲ್ಟರ್
ನಂದು: "ಬೆಳಗ್ಗೆ ಎದ್ದ ತಕ್ಷಣ ಡಿಕಾಕ್ಷನ್ ಇಲ್ಲದಿದ್ದರೆ ನಾನು ಮನುಷ್ಯನೇ ಅಲ್ಲ."

ಕಲ್ಲುಕಟ್ಟೆ
ಅದು ಕುಡಿಯೋರು ಮೇಡಂ, ಬೆಳೆಯೋರಲ್ಲ.

ಮೂಡಿಗೆರೆ ಮೋಡ
ಬೆಳೆಯೋರ ಮನೇಲಿ ಸಿಗೋ ಕಾಫಿ ಎಷ್ಟೋ ಕಡೆ ಕುಡಿಯೋ ಹಾಗಿರಲ್ಲ, ಆ ಮಾತು ಬೇರೆ. ಒಳ್ಳೇದೆಲ್ಲ ಮೂಟೆಗೆ ಹೋಗುತ್ತೆ, ಉದುರು ಹಣ್ಣು ಮನೆಗೆ.

ನನ್ನ ಉತ್ತರ: "ಜನವರಿ 10ಕ್ಕೆ ಅರ್ಧ ಇಂಚು ಬಂತು. ಕರ್ಮ."

ಎರಡನೇ ಮಹಡಿ
ಮಳೆ ಬಂದರೆ ಖುಷಿ ಪಡಬೇಕಲ್ವಾ? ಈಗ ತಾನೇ ಮೇಲೆ ಎಪ್ಪತ್ತು ನಲವತ್ತು ಅಂತ ಹೊಟ್ಟೆ ಉರ್ಕೊಂಡಿದ್ರಿ.

ಮಳೆಲೆಕ್ಕ
ಅಲ್ಲೇ ಇರೋದು ಸೊಗಸು. ಅದೇ ಐವತ್ತು ಸೆಂಟು ಮಾರ್ಚಲ್ಲಿ ಬಂದರೆ "ಇನ್ನೊಂದಿಷ್ಟು ಬರಬಾರದಿತ್ತಾ" ಅಂತಾರೆ, ಜನವರಿಯಲ್ಲಿ ಬಂದರೆ ತಲೆ ಮೇಲೆ ಕೈ.

ಜನವರಿಯಲ್ಲಿ ಅರೇಬಿಕಾ ಕೊಯ್ಲು ಮುಗೀತಾ ಬಂದಿರುತ್ತೆ, ರೋಬಸ್ಟಾ ಶುರುವಾಗಿರುತ್ತೆ. ಕಣದಲ್ಲಿ ಹರಡಿರೋ ಹಣ್ಣು ನೆನೆಯೋದು ಒಂದು ಕಷ್ಟ. ಅದನ್ನ ಟಾರ್ಪಾಲು ಹಾಕಿ ಒಂದಿಷ್ಟು ಉಳಿಸಿಕೊಳ್ಳಬಹುದು. ದೊಡ್ಡ ಕಷ್ಟ ಗಿಡದ ಮೇಲೆ. ಡಿಸೆಂಬರ್ ಹೊತ್ತಿಗೆ ಮುಂದಿನ ವರ್ಷದ ಮೊಗ್ಗು ರೆಂಬೆಗಳ ಗೆಣ್ಣಿನಲ್ಲಿ ಕಟ್ಟಿ ಮಲಗಿರುತ್ತೆ. ಅದಕ್ಕೆ ಒಂದು ಒಣ ಅವಧಿ ಬೇಕು, ಆಮೇಲೆ ಒಂದು ಗಟ್ಟಿ ಮಳೆ ಬೇಕು. ಹೊತ್ತಿಗೆ ಮುಂಚೆ ನೀರು ಬಿದ್ದರೆ ಬಲಿತ ಮೊಗ್ಗಷ್ಟು ಎದ್ದು ಹೂವಾಗುತ್ತೆ. ಹಣ್ಣು ಇನ್ನೂ ಗಿಡದಲ್ಲೇ ಇರುತ್ತೆ. ಈಗ ಕೊಯ್ಯೋಕೆ ಹೋದರೆ ಹೂವು, ಎಳೆ ಕಾಯಿ ಎಲ್ಲ ಕೈಗೆ ಬರುತ್ತೆ. ಕೊಯ್ಯದೆ ಬಿಟ್ಟರೆ ಹಣ್ಣು ಉದುರಿ ಬೋರರ್ ಹುಳಕ್ಕೆ ಮನೆ. ಎರಡು ಕಡೆಯಿಂದಲೂ ಹೊಡೆತ.

ಹಾಗಾಗಿ ಮಳೆ ಬಂದಿದ್ದಕ್ಕೆ ಬೈಯೋದು, ಅದೂ ತಿಂಗಳು ಹೇಳಿ ಬೈಯೋದು, ಒಳ್ಳೆ ಉತ್ತರ. ಕಾಯಿಯ ಹೆಸರಿಲ್ಲ, ಹೂವಿನ ಹೆಸರಿಲ್ಲ. ಹೊರಗಿನವರಿಗೆ ಬರೀ ಗೊಣಗಾಟ.

ದೋಟಿ ಭಟ್ಟ
ಜನವರಿ ಮಳೆಗೆ ಅಡಿಕೆಯವರೂ ಬೈತಾರೆ ಮಾರಾಯ್ರೇ. ಅಂಗಳದಲ್ಲಿ ಅಡಿಕೆ ಹರಡಿರುತ್ತೆ. ಇದು ಕಾಫಿಗೇ ಅಂಟಿದ ಗುರುತು ಅಂತ ಹೇಗೆ ಹೇಳ್ತೀರಿ?

ಮೂಡಿಗೆರೆ ಮೋಡ
ಭಟ್ರೇ, ಅಡಿಕೆಯವರು "ಅಂಗಳ ಒದ್ದೆ ಆಯ್ತು" ಅಂತಾರೆ. "ಅರ್ಧ ಇಂಚು ಬಂತು" ಅಂತ ಅಳೆದು ಬೈಯಲ್ಲ.

ದೋಟಿ ಭಟ್ಟ
ಅದೂ ಸರಿಯೇ. ಹಾಗಾದರೆ ನಾನೊಂದು ಕೊಡ್ತೇನೆ, ಇದರಲ್ಲಿ ನೀವೂ ನಾವೂ ಬೇರೆ ಬೇರೆ ಕಾಣ್ತೇವೆ. ಪ್ರಶ್ನೆ ಒಂದೇ: "ಒಂದು ಕೆಜಿ ತುತ್ತಕ್ಕೆ ಎಷ್ಟು ನೀರು?" ನೂರು ಲೀಟರ್ ಅಂದವರು ನಮ್ಮವರು.

ಬಾಳೆಹೊನ್ನೂರು ದಾರಿ
ಇನ್ನೂರು. ಒಂದು ಬ್ಯಾರಲ್. ಇದು ನಿಜವಾಗ್ಲೂ ಒಳ್ಳೆ ಪ್ರಶ್ನೆ ಭಟ್ರೇ.

ಬಿಡಿಸ್ತೀನಿ. ಎರಡೂ ರೋಗಕ್ಕೆ ಸಿಂಪಡಿಸೋ ಬೋರ್ಡೋ ದ್ರಾವಣವೇ, ಮೈಲುತುತ್ತ ಮತ್ತು ಸುಣ್ಣ. ಅಡಿಕೆ ಕೊಳೆಗೆ ಶೇ. 1ರದ್ದು: ಕೆಜಿ ತುತ್ತ, ಕೆಜಿ ಸುಣ್ಣ, ನೂರು ಲೀಟರ್. ಜೂನ್ ಜುಲೈ ಮಳೇಲಿ ಗೊನೆ ಮೇಲೆ ನಿಲ್ಲಬೇಕು, ಅದಕ್ಕೆ ಗಟ್ಟಿ, ಜೊತೆಗೆ ಅಂಟು. ಕಾಫಿ ಎಲೆಯ ತುಕ್ಕು ರೋಗಕ್ಕೆ ಶೇ. ಅರ್ಧದ್ದು ಸಾಕು: ಅದೇ ಕೆಜಿ ತುತ್ತ, ಕೆಜಿ ಸುಣ್ಣ, ಆದರೆ ಇನ್ನೂರು ಲೀಟರಿಗೆ. ಮುಂಗಾರಿಗೆ ಮುಂಚೆ ಒಂದು, ಮಳೆ ಬಿಟ್ಟಮೇಲೆ ಸೆಪ್ಟೆಂಬರ್ ಸುಮಾರಿಗೆ ಒಂದು. ಮತ್ತೆ ಕಾಫಿಯವರು ಗನ್ ಹಿಡಿಯೋ ರೀತಿಯಲ್ಲೇ ಗೊತ್ತಾಗುತ್ತೆ. ನಳಿಗೆಯನ್ನ ಗಿಡದ ಒಳಗೆ ತೂರಿಸಿ ಕೆಳಗಿಂದ ಮೇಲಕ್ಕೆ ಹೊಡೀತಾರೆ, ಯಾಕೆಂದರೆ ತುಕ್ಕಿನ ಕಿತ್ತಳೆ ಪುಡಿ ಬರೋದೇ ಎಲೆ ಅಡಿಯಲ್ಲಿ. ಮೇಲಿಂದ ಚೆಂದಕ್ಕೆ ನೀಲಿ ಬಳಿದು ಬಂದರೆ ದುಡ್ಡು ದಂಡ.

ಎರಡನೇ ಮಹಡಿ
ಎರಡನ್ನೂ ಬ್ಯಾರಲ್ಲಿಗೆ ಸುರಿದು ಕಲಕಿದರೆ ಆಯ್ತಾ?

ಬಾಳೆಹೊನ್ನೂರು ದಾರಿ
ಆಗಲ್ಲ. ತುತ್ತ ಒಂದು ಕಡೆ, ಸುಣ್ಣ ಒಂದು ಕಡೆ, ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಬೇಕು. ಆಮೇಲೆ ತುತ್ತದ ನೀರನ್ನ ಸುಣ್ಣದ ನೀರಿಗೆ ನಿಧಾನವಾಗಿ ಹಾಕ್ತಾ ಕಲಕಬೇಕು. ಉಲ್ಟಾ ಮಾಡಿದರೆ, ಇಲ್ಲ ಎರಡನ್ನೂ ಗಟ್ಟಿಯಾಗಿ ಬೆರೆಸಿ ಆಮೇಲೆ ನೀರು ಹಾಕಿದರೆ, ದಪ್ಪ ಕಣಗಳಾಗಿ ತಳಕ್ಕೆ ಕೂರುತ್ತೆ, ನಳಿಗೆ ಕಟ್ಟುತ್ತೆ, ಎಲೆಗೂ ಅಂಟಲ್ಲ. ಸುಣ್ಣ ಹಳೇದಾಗಿ ಸತ್ವ ಹೋಗಿದ್ದರೆ ತುತ್ತ ಹಾಗೇ ಉಳಿದು ಎಲೆ ಸುಡುತ್ತೆ. ಅದಕ್ಕೆ ತಿಕ್ಕಿ ತೊಳೆದ ಕಬ್ಬಿಣದ ಕತ್ತಿಯನ್ನ ಸ್ವಲ್ಪ ಹೊತ್ತು ಅದ್ದಿ ತೆಗೀರಿ. ಕತ್ತಿ ಮೇಲೆ ಕೆಂಪು ಬಂದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಮಾಡಿದ ದಿನವೇ ಹೊಡೆದು ಮುಗಿಸಬೇಕು.

ಆಟಕ್ಕೆ ಬಂದರೆ, ನನ್ನ ಉತ್ತರ: "ಕತ್ತಿ ಕೆಂಪಾಗಲಿಲ್ಲ, ಹೊಡೀರಿ."

ಕಲ್ಲುಕಟ್ಟೆ
ಇದನ್ನ ಪೊಲೀಸರು ಓದಿದರೆ ಬೇರೆಯೇ ಆಗುತ್ತೆ 😂

ದೋಟಿ ಭಟ್ಟ
ಹೊಡೆತ ಭಟ್ಟರದ್ದು ಅಂತ ನನ್ನ ಹೆಸರು ಹಾಕಬೇಡಿ. ಆದರೆ ಆಟದ ಲೆಕ್ಕದಲ್ಲಿ ಇದು ಎರಡು ಬೆಳೆಯವರಿಗೂ ಅನ್ವಯ. ಅಡಿಕೆಯವರೂ ಕತ್ತಿ ಅದ್ದುತ್ತಾರೆ. ಬ್ಯಾರಲ್ಲಿನ ಉತ್ತರವೇ ಮೇಲು.

ಸಿದ್ದಾಪುರದ ಸೀಮೆ
ಸ್ವಲ್ಪ ಬೇರೆ ವಿಷಯ, ಕ್ಷಮಿಸಿ. ಸೆಂಟಿನ ಮಾತು ಬಂತಲ್ಲ ಅದಕ್ಕೆ. ನಮ್ಮಲ್ಲಿ ಮೊನ್ನೆ 35 ಆಗಿದೆ. ಪೂರ್ತಿ ರೋಬಸ್ಟಾ. ಕೆರೆಯಲ್ಲಿ ನೀರು ಜಾಸ್ತಿ ಇಲ್ಲ. ಸ್ಪ್ರಿಂಕ್ಲರ್ ಹಾಕಬೇಕಾ, ಇನ್ನೊಂದು ಮಳೆ ಕಾಯಬೇಕಾ?

ಎಲ್ಲಾ ಗೊತ್ತು ಗೌಡ
ಒಂದಿಂಚು ಆಗದಿದ್ದರೆ ಹೂವು ಅರಳೋದೇ ಇಲ್ಲ. ಸುಮ್ಮನಿರಿ, ಏನೂ ಆಗಿಲ್ಲ ಅಂದುಕೊಳ್ಳಿ, ಮುಂದಿನ ಮಳೆಗೆ ಒಟ್ಟಿಗೆ ಅರಳುತ್ತೆ.

ಮಳೆಲೆಕ್ಕ
ಗೌಡ್ರೇ, ಒಂದಿಂಚು ಬೇಕು ಅನ್ನೋದು ಸರಿ, ಅರಳೋದೇ ಇಲ್ಲ ಅನ್ನೋದು ತಪ್ಪು. ಹತ್ತು ಸೆಂಟು ಬಿದ್ದರೆ ಏನೂ ಆಗಲ್ಲ, ಧೂಳು ಕೂರುತ್ತೆ ಅಷ್ಟೆ. ತೊಂದರೆ ಇರೋದು ಈ ಮೂವತ್ತು, ನಲವತ್ತರ ಹತ್ತಿರ. ಮೊಗ್ಗು ಏಳುತ್ತೆ, ಆದರೆ ಪೂರ್ತಿ ಅರಳೋಕೆ ಬೇಕಾದ ನೀರು ಸಿಗಲ್ಲ. ಅರ್ಧಂಬರ್ಧ ಬಿಚ್ಚಿ ಸಣ್ಣ ನಕ್ಷತ್ರದ ಹಾಗೆ ಹಸಿರುಗಟ್ಟಿ ನಿಲ್ಲುತ್ತೆ. ಅದರಲ್ಲಿ ಕಾಯಿ ಕಟ್ಟಲ್ಲ. ಮುಂದಿನ ಮಳೆಗೂ ಅದು ವಾಪಸ್ ಬರಲ್ಲ. ಅಂದರೆ ಸಾಕಾಗದಷ್ಟು ಮಳೆ ಬರೋದು, ಮಳೆಯೇ ಬರದೇ ಇರೋದಕ್ಕಿಂತ ಕೆಟ್ಟದ್ದು.

ಸಿದ್ದಾಪುರದವರಿಗೆ: ನಾಳೆ ಅಂತ ಬಿಡಬೇಡಿ. ಲೆಕ್ಕ ಹೀಗೆ. ಒಂದು ಎಕರೆ ಮೇಲೆ ಒಂದಿಂಚು ನೀರು ನಿಲ್ಲಿಸಿದರೆ ಸುಮಾರು 1 ಲಕ್ಷದ 3 ಸಾವಿರ ಲೀಟರ್. ಅಂದರೆ ಸೆಂಟಿಗೆ ಸಾವಿರ ಲೀಟರ್ ಚಿಲ್ಲರೆ. ನಿಮಗೆ 35 ಬಿದ್ದಿದೆ, 65 ಬಾಕಿ. ಎಕರೆಗೆ ಸುಮಾರು 67 ಸಾವಿರ ಲೀಟರ್. ಕೆರೆಯಲ್ಲಿ ಎಷ್ಟಿದೆ ಅಂತ ಅಂದಾಜು ಮಾಡಿ, ಈ ಸಂಖ್ಯೆಯಿಂದ ಭಾಗಿಸಿ. ಐದು ಎಕರೆಗೆ ಮಾತ್ರ ಬರುತ್ತೆ ಅಂದರೆ ಐದು ಎಕರೆಗೇ ಪೂರ್ತಿ ಕೊಡಿ. ಹತ್ತು ಎಕರೆಗೆ ಅರ್ಧರ್ಧ ಹಂಚಿದರೆ ಹತ್ತೂ ಕೈಬಿಡುತ್ತೆ.

ಮೂಡಿಗೆರೆ ಮೋಡ
ಲೆಕ್ಕ ಸರಿ. ಒಂದು ಸೇರಿಸ್ತೀನಿ, ಸ್ಪ್ರಿಂಕ್ಲರ್ ಜೆಟ್ ಓಡಿಸಿದ ಗಂಟೆ ನೋಡಿ "ಒಂದಿಂಚು ಆಯ್ತು" ಅನ್ನಬೇಡಿ. ಪಂಪಿನ ಒತ್ತಡ ಗುಡ್ಡದ ಮೇಲೆ ಕಮ್ಮಿ, ಕೆಳಗೆ ಜಾಸ್ತಿ. ಗಿಡಗಳ ಮಧ್ಯೆ ಅಲ್ಲಲ್ಲಿ ನೇರ ಗೋಡೆಯ ಡಬ್ಬ ಇಟ್ಟು, ಆಮೇಲೆ ಸ್ಕೇಲ್ ಇಳಿಸಿ ನೋಡಿ. ಒಂದರಲ್ಲಿ ಇಂಚು, ಇನ್ನೊಂದರಲ್ಲಿ ಕಾಲಿಂಚು ಇದ್ದರೆ ಜೆಟ್ ಜಾಗ ತಪ್ಪಿದೆ ಅಂತ. ಗಾಳಿ ಇರೋ ಮಧ್ಯಾಹ್ನ ಬೇಡ, ರಾತ್ರಿ ಓಡಿಸಿ.

ಎಲ್ಲಾ ಗೊತ್ತು ಗೌಡ
ನೆಲ ಮೊದಲೇ ತೇವ ಇದ್ದರೆ 35 ಸಾಕಾಗುತ್ತೆ. ಹೊಳೆ ಪಕ್ಕದ ತೋಟಗಳಲ್ಲಿ ಐವತ್ತಕ್ಕೇ ಚೆನ್ನಾಗಿ ಹೂವು ಬಂದಿದ್ದು ಎಷ್ಟೋ ಸಲ ಇದೆ. ಎಲ್ಲಕ್ಕೂ ಒಂದಿಂಚು ಅನ್ನೋದು ಪುಸ್ತಕದ ಮಾತು.

ಮಳೆಲೆಕ್ಕ
ಒಂದಿಂಚು ಆಗದಿದ್ದರೆ ಅರಳೋದೇ ಇಲ್ಲ ಅಂತ ಈಗ ತಾನೇ ಬರೆದಿದ್ದು ನೀವೇ ಗೌಡ್ರೇ. ಆದರೆ ಈ ಸಲ ಹೇಳಿದ್ದರಲ್ಲಿ ಹುರುಳಿದೆ. ನೆರಳು ಜಾಸ್ತಿ ಇರೋ, ತರಗೆಲೆ ದಪ್ಪ ಮುಚ್ಚಿರೋ, ತಗ್ಗಿನ ಜಾಗದಲ್ಲಿ ಕಮ್ಮಿ ಮಳೆಗೂ ಚೆನ್ನಾಗಿ ಬರುತ್ತೆ. ನೆರಳಿನ ಮರದ ಕೊಂಬೆ ಕಡಿದು ಮರಗಸಿ ಆಗಿ ಬಿಸಿಲು ಬೀಳೋ ಕಡೆ ಬರಲ್ಲ. ಎಷ್ಟಕ್ಕೆ ಸಾಕು ಅನ್ನೋದು ತೋಟದಿಂದ ತೋಟಕ್ಕೆ ಬೇರೆ.

ಸಿದ್ದಾಪುರದ ಸೀಮೆ
ನಮ್ಮದು ಬಿಸಿಲು ಜಾಗ. ಇವತ್ತು ರಾತ್ರಿಯೇ ಪಂಪ್ ಇಳಿಸ್ತೀವಿ. ಕೆಳಗಿನ ನಾಲ್ಕು ಎಕರೆಗೆ ಮಾತ್ರ.

ಕಲ್ಲುಕಟ್ಟೆ
ಗಮನಿಸಿದ್ರಾ, "ಸ್ವಲ್ಪ ಬೇರೆ ವಿಷಯ" ಅಂತ ಬಂದವರೇ ಆಟದ ಒಳ್ಳೆ ಉತ್ತರ ಕೊಟ್ಟಿದ್ದಾರೆ. "ಮೊನ್ನೆ 35 ಆಗಿದೆ" ಅನ್ನೋದರಲ್ಲಿ ಮುಚ್ಚಿಡೋ ಪ್ರಯತ್ನವೇ ಇಲ್ಲ, ಆದರೂ ಹೊರಗಿನವರಿಗೆ ಅರ್ಥ ಆಗಲ್ಲ. ಬೇಕಂತ ಬರೆದ ಉತ್ತರ ಎಷ್ಟೇ ಜಾಣತನದ್ದಾದರೂ ಎಲ್ಲೋ ಒಂದು ಕಡೆ ಕಣ್ಣು ಮಿಟುಕಿಸುತ್ತೆ.

ಪೇಟೆ ಪಾರ್ವತಿ
ಎಂಟನೇ ದಿನದ ಮಾತು ಯಾರೂ ಎತ್ತಲಿಲ್ಲ. "ಸೋಮವಾರ ಬಿತ್ತು, ಮುಂದಿನ ಸೋಮವಾರ ಮಂಗಳವಾರ ಮಾತ್ರ ಬರಬಾರದಪ್ಪಾ." ಇದು ಹೇಗಿದೆ?

ಎರಡನೇ ಮಹಡಿ
ಯಾರು ಬರಬಾರದು? ನೆಂಟರಾ?

ಪೇಟೆ ಪಾರ್ವತಿ
ಮಳೆ. ರೋಬಸ್ಟಾ ಹೂಮಳೆ ಬಿದ್ದ ಸುಮಾರು ಎಂಟನೇ ದಿನಕ್ಕೆ ಇಡೀ ಗುಡ್ಡ ಬಿಳಿ. ಅವತ್ತೇ ಮತ್ತೆ ಮಳೆ ಬಂದರೆ ಪರಾಗ ತೊಳೆದುಹೋಗುತ್ತೆ. ಏಳು ದಿನ ಮುಂಚೆ ಬೇಡಿ ತರಿಸಿಕೊಂಡಿದ್ದನ್ನೇ ಈಗ ಬೇಡ ಅಂತಾರೆ. ಆಮೇಲೆ ಹದಿನೈದು ಇಪ್ಪತ್ತು ದಿನದೊಳಗೆ ಮತ್ತೆ ಬೇಕು ಅಂತಾರೆ, ಬ್ಯಾಕಿಂಗ್ ಮಳೆ. ಅದು ಬರದಿದ್ದರೆ ಕಟ್ಟಿದ ಎಳೆ ಕಾಯಿ ಒಣಗುತ್ತೆ.

ಎಲ್ಲಾ ಗೊತ್ತು ಗೌಡ
ಅರೇಬಿಕಾಗೂ ಅದೇ ಪಾಡು.

ಪೇಟೆ ಪಾರ್ವತಿ
ಅಷ್ಟಿಲ್ಲ ಗೌಡ್ರೇ. ಅರೇಬಿಕಾ ಬಹುಪಾಲು ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತೆ, ಹೂ ಬಿಚ್ಚೋ ಹೊತ್ತಿಗೇ ಕೆಲಸ ಅರ್ಧ ಮುಗಿದಿರುತ್ತೆ. ರೋಬಸ್ಟಾಗೆ ಬೇರೆ ಗಿಡದ ಪರಾಗವೇ ಬೇಕು, ಗಾಳಿಯೋ ಜೇನೋ ತರಬೇಕು. ಅದಕ್ಕೇ ಹೂವಿನ ದಿನದ ಮಳೆಗೆ ರೋಬಸ್ಟಾದವರು ಜಾಸ್ತಿ ಹೆದರ್ತಾರೆ. ನನ್ನ ಉತ್ತರದಲ್ಲಿ ಅದೂ ಸೇರಿದೆ: ಎಂಟನೇ ದಿನ ಎಣಿಸೋರು, ಮೇಲಾಗಿ ಹೆದರೋರು, ರೋಬಸ್ಟಾದವರು. ಅರೇಬಿಕಾ ಇನ್ನೊಂದೆರಡು ದಿನ ತಡ.

ಮೂಡಿಗೆರೆ ಮೋಡ
ಅರೇಬಿಕಾನಾ ರೋಬಸ್ಟಾನಾ ಅಂತ ಕೇಳದೆ ತಿಳಿಯೋಕೆ ಇನ್ನೂ ಸುಲಭದ ದಾರಿ ಇದೆ. "ಎಕರೆಗೆ ಎಷ್ಟು ಹಿಡೀತು?" ಅಂತ ಕೇಳಿ. ಸಾವಿರದ ಇನ್ನೂರು ಅಂದರೆ ಆರಡಿಗೆ ಆರಡಿ, ಅರೇಬಿಕಾ. ನಾನೂರ ಮೂವತ್ತು ಅಂದರೆ ಹತ್ತಡಿಗೆ ಹತ್ತಡಿ, ಹಳೇ ರೋಬಸ್ಟಾ. ಆರುನೂರ ಎಂಬತ್ತು ಅಂದರೆ ಎಂಟಡಿ, ರೋಬಸ್ಟಾದ ಮಿಶ್ರತಳಿ ಸಿ ಇನ್ಟು ಆರ್ ಇರಬಹುದು.

ಲೆಕ್ಕದ ಮೇಜು
ಇಷ್ಟು ಹೊತ್ತು ಬರೀ ಮಳೆ. ಮಾರಾಟಕ್ಕೆ ಬನ್ನಿ. ನನ್ನ ಉತ್ತರ:

"ಇಪ್ಪತ್ತೇಳು ಬಂತು. ಅವನು ಇಪ್ಪತ್ತಾರಕ್ಕೇ ಕೂತ."

ಎರಡನೇ ಮಹಡಿ
ವಯಸ್ಸು. ಮದುವೆ ಮಾತುಕತೆ.

ಬಯಲುಸೀಮೆ ಬಸವ
😂😂 ಎರಡನೇ ಮಹಡಿಯವರನ್ನ ಯಾರೂ ಇಲ್ಲಿಂದ ಕಳಿಸಬೇಡಿ.

ಲೆಕ್ಕದ ಮೇಜು
ಓಟಿ. ಚೆರಿ ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು, ಮೂಟೆಗೆ 50 ಕೆಜಿ. ಅದನ್ನ ಹಲ್ಲರಿಗೆ ಹಾಕಿ ಸಿಪ್ಪೆ ತೆಗೆದರೆ ಎಷ್ಟು ಕೆಜಿ ಕಾಳು ಸಿಗುತ್ತೆ ಅನ್ನೋದೇ ಓಟಿ. 27 ಅಂದರೆ 50ರಲ್ಲಿ 27 ಕೆಜಿ ಕಾಳು, ಉಳಿದದ್ದು ಹೊಟ್ಟು. ವ್ಯಾಪಾರಿ ಮೂಟೆಗೆ ಬೆಲೆ ಹೇಳಿದರೂ ಒಳಗೆ ಲೆಕ್ಕ ಹಾಕೋದು ಓಟಿ ಮೇಲೆ.

ಮಾಡೋದು ಹೀಗೆ. ಮೂಟೆಗಳಿಂದ ಮಾದರಿ ತೆಗೆದು ಕಲಸಿ, ಅರ್ಧ ಕೆಜಿ ತೂಗಿ, ಚಿಕ್ಕ ಹಲ್ಲರಿಗೆ ಹಾಕಿ, ಹೊಟ್ಟು ಊದಿ, ಕಾಳು ತೂಗಬೇಕು. 270 ಗ್ರಾಂ ಬಂತು ಅಂದರೆ ನೂರಕ್ಕೆ 54, ಐವತ್ತಕ್ಕೆ 27. ಕೆಜಿ ಕಾಳಿಗೆ ಲೆಕ್ಕಕ್ಕೆ 200 ರೂಪಾಯಿ ಅಂತ ಇಟ್ಟುಕೊಳ್ಳಿ. 27ಕ್ಕೆ ಮೂಟೆಗೆ 5400, 26ಕ್ಕೆ 5200. ನೂರು ಮೂಟೆ ಇದ್ದರೆ ಒಂದೇ ಒಂದು ಅಂಕಿಗೆ 20 ಸಾವಿರ. ಅದಕ್ಕೇ "ಅವನು ಇಪ್ಪತ್ತಾರಕ್ಕೇ ಕೂತ" ಅನ್ನೋ ಮಾತಲ್ಲಿ ಅಷ್ಟು ಸಿಟ್ಟು.

ಸಿದ್ದಾಪುರದ ಸೀಮೆ
ಒಂದು ಅಂಕಿ ಹೇಗೆ ಕಮ್ಮಿ ಆಗುತ್ತೆ? ಮನೇಲಿ ನೋಡಿದಾಗ ಒಂದು, ಅಲ್ಲಿ ಇನ್ನೊಂದು.

ಲೆಕ್ಕದ ಮೇಜು
ಮೋಸ ಅಂತ ಹೊರಡೋ ಮುಂಚೆ ಮಾದರಿ ನೋಡಿ. ಸಾಗಿಸುವಾಗ ಮೂಟೆಯಲ್ಲಿ ಧೂಳು, ಪುಡಿ, ಒಡೆದ ಕಾಳು ತಳಕ್ಕೆ ಇಳಿಯುತ್ತೆ. ಬಾಯಿ ಹತ್ತಿರ ಮಾತ್ರ ತೆಗೆದರೆ ಓಟಿ ಚೆನ್ನಾಗಿ ಕಾಣುತ್ತೆ, ಬೊಂಬು ಚುಚ್ಚಿ ಮಧ್ಯದಿಂದ ತೆಗೆದರೆ ನಿಜ ಬರುತ್ತೆ. ಮನೆಯಲ್ಲಿ ಮೇಲಿಂದ, ಅವರಲ್ಲಿ ಮಧ್ಯದಿಂದ ತೆಗೆದರೆ ಅರ್ಧ ಅಂಕಿ ಅಲ್ಲೇ ಹೋಯ್ತು.

ಆಮೇಲೆ ತೇವ. ಸರಿ ಒಣಗದ ಚೆರಿಯಲ್ಲಿ ಕಾಳು ಭಾರ ಇರುತ್ತೆ, ಓಟಿ ಸುಳ್ಳು ಜಾಸ್ತಿ ತೋರಿಸುತ್ತೆ. ಮಾಪಕ ಇಟ್ಟು ಶೇ. 11ಕ್ಕಿಂತ ಮೇಲಿದ್ದರೆ ವ್ಯಾಪಾರಿ ಅದನ್ನ ಕಳೆದೇ ಹೇಳ್ತಾನೆ. ಬೋರರ್ ತೂತು ಬಿದ್ದ ಕಾಳು, ಕಪ್ಪು ಕಾಳು ಬೇರೆ ತೆಗೆದು ತೂಗಿದರೆ ಇನ್ನಷ್ಟು ಇಳಿಯುತ್ತೆ. ಇವೆಲ್ಲ ಮಾಡದೆ ಮುಖ ನೋಡಿ "ಇಪ್ಪತ್ತಾರು" ಅಂದರೆ ಆಗ ಜಗಳ ಆಡಿ. ಹಲ್ಲರ್ ನಿಮ್ಮೆದುರೇ ಓಡಿಸಬೇಕು, ಮಾದರಿಯಲ್ಲಿ ಅರ್ಧ ನಿಮ್ಮ ಕೈಗೆ ಕೊಡಬೇಕು.

ಬಾಳೆಹೊನ್ನೂರು ದಾರಿ
ತೇವಕ್ಕೆ ಮಾಪಕ ಇಲ್ಲದಿದ್ದರೆ ಕಿವಿ ಇದೆ. ಒಂದು ಹಿಡಿ ಚೆರಿ ಮುಚ್ಚಿದ ಅಂಗೈಯಲ್ಲಿ ಕುಲುಕಿ. ಒಳಗೆ ಕಾಳು ಗಲಗಲ ಅಂದರೆ ಒಣಗಿದೆ, ಮಂಕಾಗಿ ಶಬ್ದ ಬಂದರೆ ಇನ್ನೂ ಬಿಸಿಲು ಬೇಕು. ತಿರುಳು ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಆದರೆ ಕಾಳನ್ನ ಹಲ್ಲಿಗೆ ಕೊಡಿ, ಒಡೆದ ಜಾಗದಲ್ಲಿ ಬಿಳಿ ಗೆರೆ ಇಲ್ಲದೆ ಸೀಳಿದರೆ ಸರಿ. ಯಾರನ್ನಾದರೂ ಗುರುತು ಹಿಡಿಯಬೇಕಾದರೆ ಅವರ ಕೈಗೆ ಏನಾದರೂ ಒಣ ಕಾಯಿ ಕೊಡಿ. ಕಿವಿ ಹತ್ತಿರ ಹಿಡಿದು ಕುಲುಕಿದರೆ ತೋಟದವರು.

ದೋಟಿ ಭಟ್ಟ
ಅಡಿಕೆಯವರೂ ಕುಲುಕಿ ನೋಡ್ತಾರೆ ಮಾರಾಯ್ರೇ 😄 ಸಿಪ್ಪೆಗೋಟು ಒಣಗಿದರೆ ಒಳಗೆ ಅಲ್ಲಾಡುತ್ತೆ. ಈ ಆಟದಲ್ಲಿ ನಮ್ಮನ್ನ ಬೇರ್ಪಡಿಸೋದು ಕಷ್ಟ.

ಮೂಡಿಗೆರೆ ಮೋಡ
ಅರ್ಧ ಮಲೆನಾಡಲ್ಲಿ ಎರಡೂ ಒಂದೇ ಮನೇಲಿ ಇದೆ ಭಟ್ರೇ, ಬೇರ್ಪಡಿಸೋದು ಯಾಕೆ. ಮೆಣಸಿನವರೂ ಇದ್ದಾರೆ ಮಧ್ಯೆ.

ಎರಡನೇ ಮಹಡಿ
ಒಂದು ಸೀರಿಯಸ್ ಪ್ರಶ್ನೆ. ನಾನು ಇದನ್ನೆಲ್ಲ ಓದಿ ನಾಳೆ ಬೇರೆ ಗುಂಪಲ್ಲಿ ಹೋಗಿ "ನಿಮ್ಮಲ್ಲಿ ಎಷ್ಟು ಸೆಂಟು?" ಅಂತ ಹಾಕಿದರೆ ನಂಬ್ತಾರಾ?

ಪೇಟೆ ಪಾರ್ವತಿ
ಮೊದಲ ಪ್ರಶ್ನೆಗೆ ನಂಬ್ತಾರೆ. ಅವರು "ಒಂದು ಹತ್ತು" ಅಂತ ಉತ್ತರ ಕೊಡ್ತಾರೆ. ನೀವು ಹತ್ತು ಸೆಂಟು ಅಂದುಕೊಂಡು "ಅಯ್ಯೋ ಪಾಪ" ಅಂತೀರಿ. ಅವರು ಹೇಳಿದ್ದು ಒಂದು ಇಂಚು ಹತ್ತು ಸೆಂಟು. ಅಲ್ಲಿಗೆ ಮುಗೀತು.

ಎರಡನೇ ಮಹಡಿ
ಅಯ್ಯೋ ಪಾಪ.

ಕಲ್ಲುಕಟ್ಟೆ
ನಕಲಿ ಹಿಡಿಯೋಕೆ ಇನ್ನೊಂದು ದಾರಿ, ಅಳೆಯೋದು ಹೇಗೆ ಅಂತ ಕೇಳಿ. ಆಪ್ ನೋಡಿ ಹೇಳ್ತಾರೆ ಅಂದರೆ ತೋಟದವರಲ್ಲ.

ಮಳೆಲೆಕ್ಕ
ಅಳೆಯೋರಲ್ಲೂ ಎಷ್ಟೋ ಜನ ತಪ್ಪು ಅಳೀತಾರೆ, ಅದನ್ನ ಹೇಳಲೇಬೇಕು. ಮಳೆಮಾಪಕದ ಗಾಜಿನ ಜಾರ್ ಒಡೆಯುತ್ತೆ. ಪೇಟೆಯಿಂದ ಸಿಕ್ಕಿದ ಇನ್ನೊಂದು ಜಾರ್ ತಂದು ಇಟ್ಟುಕೊಳ್ತಾರೆ. ಜಾರ್ ಮೇಲಿನ ಗೆರೆ ಒಂದೊಂದು ಆಲಿಕೆಯ ಅಗಲಕ್ಕೆ ಒಂದೊಂದು. ಐದಿಂಚು ಬಾಯಿಯ ಆಲಿಕೆಗೆ ಒಂದಿಂಚು ಮಳೆ ಅಂದರೆ 322 ಮಿಲಿ ನೀರು. ಎಂಟಿಂಚು ಬಾಯಿಗೆ ಅದೇ ಮಳೆ 820 ಮಿಲಿ ದಾಟುತ್ತೆ. ಎಂಟರ ಆಲಿಕೆ ಇಟ್ಟು ಐದರ ಜಾರಲ್ಲಿ ಓದಿದರೆ ನಲವತ್ತು ಸೆಂಟಿನ ಮಳೆ ಒಂದಿಂಚು ಅಂತ ಕಾಣುತ್ತೆ. ಅದನ್ನ ನಂಬಿ ನೀರು ಹಾಕದೆ ಕೂತರೆ ಹೂವು ನಕ್ಷತ್ರ.

ಸರಿಯಾದ ಜಾರ್ ಸಿಗದಿದ್ದರೆ ಮಿಲಿ ಗುರುತಿರೋ ಯಾವ ಅಳತೆಯಾದರೂ ಸಾಕು. ಐದಿಂಚಿನ ಆಲಿಕೆಯಾದರೆ ಬಂದ ಮಿಲಿಯನ್ನ 3.2ರಿಂದ ಭಾಗಿಸಿ, ಅದೇ ಸೆಂಟು. ಮತ್ತೆ ಮಾಪಕವನ್ನ ಸಿಲ್ವರ್ ಓಕ್ ಕೆಳಗೆ ಇಡಬೇಡಿ. ಎಲೆ ತಡೆದ ಮಳೆ ಕಮ್ಮಿ ಬರುತ್ತೆ, ಎಲೆ ತೊಟ್ಟಿಕ್ಕಿದರೆ ಜಾಸ್ತಿ ಬರುತ್ತೆ, ಯಾವುದನ್ನೂ ನಂಬೋಕೆ ಆಗಲ್ಲ. ಬಯಲಲ್ಲಿ ಇಡಿ. ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಓದಿ.

ಎಲ್ಲಾ ಗೊತ್ತು ಗೌಡ
ನಮ್ಮ ಮಾಪಕ ಹಲಸಿನ ಮರದ ಕೆಳಗೇ ಇರೋದು. ಅಜ್ಜನ ಕಾಲದಿಂದ.

ಮೂಡಿಗೆರೆ ಮೋಡ
ಅದಕ್ಕೇ ನಿಮ್ಮಲ್ಲಿ ಐವತ್ತಕ್ಕೇ ಹೂವು ಬರ್ತಿರೋದು ಗೌಡ್ರೇ. ಬಿದ್ದಿದ್ದು ಒಂದಿಂಚು ಇರುತ್ತೆ.

ಎಲ್ಲಾ ಗೊತ್ತು ಗೌಡ
ಅಥವಾ ಉಲ್ಟಾ ಇರಬಹುದು. ಮಳೆಲೆಕ್ಕದವರೇ ಹೇಳಿದರಲ್ಲ, ತೊಟ್ಟಿಕ್ಕಿದರೆ ಜಾಸ್ತಿ ಅಂತ.

ಮಳೆಲೆಕ್ಕ
ಇನ್ನೊಂದು ಮಾಪಕ ಬಯಲಲ್ಲಿಟ್ಟು ಈ ಬೇಸಿಗೆ ಎರಡನ್ನೂ ಬರೆದಿಡಿ ಗೌಡ್ರೇ. ಅಲ್ಲಿವರೆಗೆ ವಾದ ಮಾಡಿ ಉಪಯೋಗ ಇಲ್ಲ.

ಸಿದ್ದಾಪುರದ ಸೀಮೆ
ಡಬ್ಬ ಇಟ್ಟು ನೋಡಿದ್ವಿ. ಮೇಲಿನ ಸಾಲಲ್ಲಿ ಕಾಲಿಂಚೂ ಇಲ್ಲ. ಜೆಟ್ ಕೆಳಗಿಳಿಸೋದಾ, ಮೇಲಿನ ಸಾಲಿಗೆ ಇನ್ನೆರಡು ಗಂಟೆ ಬಿಡೋದಾ?

ಮೂಡಿಗೆರೆ ಮೋಡ
ಗಂಟೆ ಹೆಚ್ಚಿಸಿದರೆ ಕೆಳಗೆ ಹರಿದುಹೋಗುತ್ತೆ, ಮೇಲೆ ತಲುಪಲ್ಲ. ಒಂದೇ ಪಂಪಿಗೆ ಎಷ್ಟು ಜೆಟ್ ಕೊಟ್ಟಿದ್ದೀರಿ? ಒಂದನ್ನ ಮುಚ್ಚಿ ನೋಡಿ, ಒತ್ತಡ ಏರುತ್ತೆ.